ಹಳದಿ ಜ್ವಾಲೆಯನ್ನು ನಂಬಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಬಣ್ಣ ನೋಡಿ ಲವಣ ಗುರುತಿಸೋದರ ಬಗ್ಗೆ ರೇಡಿಯೋದಲ್ಲಿ ಮಾತಾಡಿ ಅಂತ ಕೇಳಿದರು, ನಾನೂ ಹೂಂ ಅಂದುಬಿಟ್ಟೆ. ಬಣ್ಣ ಮಾತ್ರ ನೀವೇ ಕಲ್ಪಿಸಿಕೊಳ್ಳಬೇಕು, ನನ್ನ ಹತ್ತಿರ ಇರೋದು ಬರೀ ದನಿ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಿರುವ ಮಕ್ಕಳು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ನಿಮ್ಮ ಮುಂದೆ ಒಂದು ಪ್ರನಾಳ ಇಟ್ಟಿದ್ದಾರೆ. ಒಳಗೆ ನೀರಿನಂಥ ದ್ರಾವಣ, ಯಾವ ಲವಣ ಅಂತ ಗೊತ್ತಿಲ್ಲ. ತಂತಿಯಲ್ಲಿ ಅದ್ದಿ ಬರ್ನರ್‌ಗೆ ಹಿಡಿದಿರಿ, ಜ್ವಾಲೆ ಜಗ್ಗನೆ ಹಳದಿಯಾಯಿತು. ಏನು ಬರೆಯುತ್ತೀರಿ? ಸೋಡಿಯಂ, ಅಲ್ವಾ? ಬರೆಯಬೇಡಿ. ಹಳದಿ ಕಂಡ ಮಾತ್ರಕ್ಕೆ ಸೋಡಿಯಂ ಅಂತ ಬರೆಯಬೇಡಿ. ಇವತ್ತು ಮುಖ್ಯವಾಗಿ ಹೇಳೋಕೆ ಬಂದಿರುವುದು ಇದೊಂದೇ.

ಯಾಕೆ ಅಂತ ಹೇಳುತ್ತೇನೆ. ಇದು ನನಗೆ ತುಂಬ ಇಷ್ಟದ ಕಥೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಇಬ್ಬರು ಇದ್ದರು. ಒಬ್ಬ ರಾಬರ್ಟ್ ಬನ್ಸೆನ್, ನಾವು ದಿನಾ ಹಚ್ಚುವ ಬರ್ನರ್‌ಗೆ ಇವನದೇ ಹೆಸರು. ಇನ್ನೊಬ್ಬ ಗುಸ್ತಾವ್ ಕಿರ್ಖಾಫ್, ಭೌತವಿಜ್ಞಾನಿ. ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಿಡಿಸಿ ನೋಡಿದರೆ ಒಂದೊಂದು ಲೋಹಕ್ಕೂ ಅದರದೇ ಗೆರೆಗಳು ಕಾಣುತ್ತವೆ ಅಂತ ತೋರಿಸಿದವರು ಇವರೇ. ಹೀಗೆ ನೋಡುತ್ತಾ ಅವರಿಗೆ ಒಂದು ಕಿರಿಕಿರಿ ಶುರುವಾಯಿತು. ಏನನ್ನೇ ಜ್ವಾಲೆಗೆ ಹಿಡಿದರೂ ಸೋಡಿಯಂನ ಹಳದಿ ಗೆರೆ ಬಂದು ಕೂರುತ್ತಿತ್ತು. ಹಾಗಾದರೆ ಎಷ್ಟು ಕಡಿಮೆ ಸೋಡಿಯಂ ಇದ್ದರೂ ಆ ಗೆರೆ ಕಾಣುತ್ತದೆ ಅಂತ ಅಳೆದೇ ಬಿಡೋಣ ಅಂತ ಹೊರಟರು. ಉಪಕರಣವನ್ನು ಕೋಣೆಯ ಒಂದು ಕಡೆ ಇಟ್ಟರು. ಅದರಿಂದ ಆದಷ್ಟು ದೂರದ ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯ ಜೊತೆ ಬೆರೆಸಿ ಸಿಡಿಸಿದರು. ಕೋಣೆ ಸುಮಾರು 60 ಘನ ಮೀಟರ್‌ನದು. 3 ಮಿಲಿಗ್ರಾಂ ಅಂದರೆ ಉಗುರ ತುದಿಯಲ್ಲಿ ಹಿಡಿಸುವಷ್ಟು. ಕೆಲವೇ ನಿಮಿಷದಲ್ಲಿ, ಆ ತುದಿಯಲ್ಲಿ ಸುಮ್ನೆ ಉರಿಯುತ್ತಿದ್ದ ಜ್ವಾಲೆಯಲ್ಲಿ ಸೋಡಿಯಂನ ಗೆರೆ ಜೋರಾಗಿ ಹೊಳೆಯಿತು! ಒಂದು ಮಿಲಿಗ್ರಾಂನ 30 ಲಕ್ಷದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಕಾಣುತ್ತದೆ ಅಂತ ಲೆಕ್ಕ ಹಾಕಿ, 1860ರಲ್ಲಿ ಪ್ರಕಟಿಸಿದರು.

ಅವರು ನೋಡಿದ್ದು ಉಪಕರಣದಲ್ಲಿ, ನಿಜ. ನಮ್ಮ ಕಣ್ಣು ಅಷ್ಟು ಚುರುಕಲ್ಲ. ಆದರೂ ಬೆರಳ ಬೆವರು, ಮೇಜಿನ ಧೂಳು, ಸರಿಯಾಗಿ ತೊಳೆಯದ ಪ್ರನಾಳ, ಇಷ್ಟು ಸಾಕು ನಿಮ್ಮ ಜ್ವಾಲೆ ಹಳದಿಯಾಗಲು. ಅನುಮಾನ ಇದ್ದರೆ ಉರಿಯುವ ಬರ್ನರ್‌ ಪಕ್ಕ ಧೂಳು ಹಿಡಿದ ಪುಸ್ತಕ ಕೊಡವಿ ನೋಡಿ.

ಆದ್ದರಿಂದ ಮೊದಲು ತಂತಿ ಸ್ವಚ್ಛ ಮಾಡಿ. ಪ್ಲಾಟಿನಂ ಆದರೂ ಸರಿ, ನೈಕ್ರೋಮ್ ಆದರೂ ಸರಿ. ವಾಚ್ ಗ್ಲಾಸ್‌ನಲ್ಲಿ ಸ್ವಲ್ಪ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ಇಟ್ಟುಕೊಂಡು ಅದ್ದಿ, ಸುಡಿ, ಮತ್ತೆ ಅದ್ದಿ, ಮತ್ತೆ ಸುಡಿ, ಬರೀ ತಂತಿ ಹಿಡಿದಾಗ ಜ್ವಾಲೆಗೆ ಯಾವ ಬಣ್ಣವೂ ಬರಬಾರದು. ಅಲ್ಲಿಯವರೆಗೆ ದ್ರಾವಣ ಮುಟ್ಟಲೇಬೇಡಿ. ಆಮ್ಲ ಬರೀ ತೊಳೆಯೋಕೆ ಅಲ್ಲ, ಲವಣದಲ್ಲಿರುವ ಲೋಹವನ್ನು ಕ್ಲೋರೈಡ್ ಮಾಡುತ್ತದೆ, ಕ್ಲೋರೈಡ್‌ಗಳು ಬೇಗ ಆವಿಯಾಗುತ್ತವೆ, ಬಣ್ಣ ಚೆನ್ನಾಗಿ ಬರುತ್ತದೆ. ಆಮ್ಲದ ಹೊಗೆ ಮೂಗಿಗೆ ಹೋಗದ ಹಾಗೆ ನೋಡಿಕೊಳ್ಳಿ. ಆಮೇಲೆ ಬರೀ ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ ಒಂದು ಸಲ ಹಿಡಿದು ನೋಡಿ. ಅದರಲ್ಲಿ ಬಂದ ಹಳದಿಗಿಂತ ನಿಮ್ಮ ದ್ರಾವಣದ ಹಳದಿ ತುಂಬ ಜೋರಾಗಿದ್ದು, ಹೊತ್ತು ಕಳೆದರೂ ನಿಂತಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಹಳದಿಯ ಹಿಂದೆ ಪೊಟ್ಯಾಸಿಯಂ ಅಡಗಿರಬಹುದು ಅನ್ನಿಸಿದರೆ ಕೋಬಾಲ್ಟ್ ನೀಲಿ ಗಾಜು ಹಿಡಿಯಿರಿ, ಗಾಜು ಹಳದಿಯನ್ನು ನುಂಗಿ ಪೊಟ್ಯಾಸಿಯಂನ ನೇರಳೆಯನ್ನು ಬಿಡುತ್ತದೆ.

ಈಗ ನಮ್ಮ ಪ್ರನಾಳಕ್ಕೆ ಬರೋಣ. ಇಷ್ಟೆಲ್ಲ ಮಾಡಿದ ಮೇಲೆ ಹಳದಿ ಹೊರಟುಹೋಯಿತು, ಜ್ವಾಲೆಯಲ್ಲಿ ಹೇಳಿಕೊಳ್ಳುವಂಥ ಬಣ್ಣ ಏನೂ ಇಲ್ಲ. ಇನ್ನು ಪ್ರಕ್ಷೇಪ, ಅಂದರೆ ದ್ರಾವಣದಲ್ಲಿ ಕರಗದೆ ಬೇರೆಯಾಗಿ ಕಾಣುವ ಗಟ್ಟಿ ವಸ್ತು. ಹೊಸ ಪ್ರನಾಳಕ್ಕೆ 1 ಮಿಲಿಲೀಟರಿನಷ್ಟು ಮೂಲ ದ್ರಾವಣ ಹಾಕಿ, ಡ್ರಾಪರ್‌ನಿಂದ ದುರ್ಬಲ ಸೋಡಿಯಂ ಹೈಡ್ರಾಕ್ಸೈಡನ್ನು ಒಂದೊಂದೇ ಹನಿ ಬಿಡಿ, ಹನಿಗೊಂದು ಸಲ ಅಲುಗಾಡಿಸಿ. ಹಿಂಜಿದ ಅರಳೆಯ ಹಾಗೆ ಬಿಳಿ ಪ್ರಕ್ಷೇಪ ಬಂತು. ಹನಿ ಹಾಕುತ್ತಾ ಹೋದರೆ ಅದೇ ಬಿಳಿ ಕರಗಿ ದ್ರಾವಣ ಮತ್ತೆ ತಿಳಿಯಾಯಿತು.

ಜಾಸ್ತಿ ಜನ ಎಡವುವುದು ಇಲ್ಲೇ. ಹನಿ ಹನಿ ಹಾಕುವ ತಾಳ್ಮೆ ಯಾರಿಗೂ ಇಲ್ಲ, ಒಂದೇ ಸಲ ಬಳಕ್ಕನೆ ಸುರಿಯುತ್ತಾರೆ, ಪ್ರಕ್ಷೇಪ ಬಂದು ಕರಗಿದ್ದೂ ಗೊತ್ತಾಗುವುದಿಲ್ಲ. ಆಮೇಲೆ 'ಸರ್, ಏನೂ ಆಗಲಿಲ್ಲ, ಜ್ವಾಲೆ ಹಳದಿ ಇತ್ತು, ಸೋಡಿಯಮ್ಮೇ' ಅಂತ ಬರೆದುಕೊಡುತ್ತಾರೆ. ಎರಡು ತಪ್ಪು ಕೈಕೈ ಹಿಡಿದು ಬಂದವು ನೋಡಿ.

ಹೆಚ್ಚಾದ ಕ್ಷಾರದಲ್ಲಿ ಕರಗುವ ಬಿಳಿ ಅಂದರೆ ಸತು, ಅಲ್ಯೂಮಿನಿಯಂ, ಸೀಸ, ಈ ಮೂರರಲ್ಲಿ ಒಂದು. ಮೆಗ್ನೀಸಿಯಂ ಆಗಿದ್ದರೆ ಬಿಳಿ ಹಾಗೇ ಉಳಿಯುತ್ತಿತ್ತು. ಮೂರರಲ್ಲಿ ಯಾವುದು? ಇನ್ನೊಂದು ಪ್ರನಾಳದಲ್ಲಿ ಮತ್ತೆ ಮೂಲ ದ್ರಾವಣ ತೆಗೆದುಕೊಂಡು, ಈ ಸಲ ಅಮೋನಿಯಾ ದ್ರಾವಣವನ್ನು ಹನಿ ಹನಿಯಾಗಿ ಹಾಕಿ. ಮೂರರಲ್ಲೂ ಬಿಳಿ ಬರುತ್ತದೆ, ಆದರೆ ಇನ್ನೂ ಅಮೋನಿಯಾ ಹಾಕಿದಾಗ ಕರಗುವುದು ಸತುವಿನದು ಮಾತ್ರ. ಸತುವಿನ ಅಯಾನಿನ ಸುತ್ತ ಅಮೋನಿಯಾ ಅಣುಗಳು ಅಂಟಿಕೊಂಡು ಅದನ್ನು ದ್ರಾವಣಕ್ಕೆ ಎಳೆದುಕೊಳ್ಳುತ್ತವೆ, ಅಲ್ಯೂಮಿನಿಯಂ, ಸೀಸಗಳ ಜೊತೆ ಹಾಗಾಗುವುದಿಲ್ಲ. ನಮ್ಮ ಪ್ರನಾಳದಲ್ಲಿ ಕರಗಿತು. ಖಚಿತ ಮಾಡಿಕೊಳ್ಳಲು ಆ ಅಮೋನಿಯಾ ದ್ರಾವಣಕ್ಕೇ ಸ್ವಲ್ಪ ಸೋಡಿಯಂ ಸಲ್ಫೈಡ್ ಹಾಕಿ. ಬಿಳಿ ಪ್ರಕ್ಷೇಪ ಬಂದರೆ ಸತು. ಸೀಸ, ತಾಮ್ರ, ಕಬ್ಬಿಣದ ಸಲ್ಫೈಡ್‌ಗಳೆಲ್ಲ ಕಪ್ಪು. ನೋಡಿ, ಹಳದಿ ನಂಬಿದ್ದರೆ ಸೋಡಿಯಂ ಅಂತ ಬರೆದು ಎದ್ದು ಹೋಗುತ್ತಿದ್ದಿರಿ.

ಪ್ರತಿ ಸಲ ಮೂಲ ದ್ರಾವಣ ಅಂದೆ, ಗಮನಿಸಿದಿರಾ? ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ ಪ್ರನಾಳದಲ್ಲೇ ತಂತಿ ಅದ್ದಿದರೆ ಹಳದಿ ಬರದೆ ಇನ್ನೇನು ಬರುತ್ತದೆ, ಹಾಕಿದವರು ನೀವೇ!

ಎದುರಿಗೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ. ತಾಮ್ರಕ್ಕೆ ಹಸಿರು ನೀಲಿ ಜ್ವಾಲೆ, ಅಮೋನಿಯಾ ಜಾಸ್ತಿ ಹಾಕಿದರೆ ಕಡು ನೀಲಿ ದ್ರಾವಣ. ಕ್ಯಾಲ್ಸಿಯಂಗೆ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂಗೆ ಅಚ್ಚ ಕೆಂಪು, ಬೇರಿಯಂಗೆ ತಿಳಿ ಹಸಿರು, ಅದು ತಡವಾಗಿ ಬರುತ್ತದೆ, ತಂತಿ ಬೇಗ ತೆಗೆಯಬೇಡಿ. ಈ ಮೂರನ್ನೂ ಪ್ರಕ್ಷೇಪದಿಂದ ಗಟ್ಟಿ ಮಾಡಿಕೊಳ್ಳಿ, ಅದೂ ಇದೇ ಕ್ರಮದಲ್ಲಿ: ಅಸಿಟಿಕ್ ಆಮ್ಲ ಹಾಕಿ ಪೊಟ್ಯಾಸಿಯಂ ಕ್ರೋಮೇಟ್ ಕೊಟ್ಟರೆ ಹಳದಿ ಪ್ರಕ್ಷೇಪ, ಅದು ಬೇರಿಯಂ. ಬರಲಿಲ್ಲವೇ, ಹೊಸ ಪ್ರನಾಳದಲ್ಲಿ ಅಮೋನಿಯಂ ಸಲ್ಫೇಟ್ ಹಾಕಿ ಬಿಸಿ ಮಾಡಿ, ಬಿಳಿ ಬಂದರೆ ಸ್ಟ್ರಾನ್ಷಿಯಂ. ಅದೂ ಇಲ್ಲದಿದ್ದರೆ ಅಮೋನಿಯಂ ಆಕ್ಸಲೇಟ್, ಬಿಳಿ ಬಂದರೆ ಕ್ಯಾಲ್ಸಿಯಂ. ಆಕ್ಸಲೇಟ್ ಮೊದಲೇ ಹಾಕಿದರೆ ಮೂರೂ ಬಿಳಿ ಕೊಟ್ಟು ನಿಮ್ಮನ್ನು ಗೊಂದಲಕ್ಕೆ ಕೆಡವಬಹುದು.

ಇನ್ನು ಅಮೋನಿಯಂ. ಅದಕ್ಕೆ ಜ್ವಾಲೆಯ ಬಣ್ಣವೂ ಇಲ್ಲ, ಇಲ್ಲಿ ಹೇಳಿದ ಯಾವುದರಲ್ಲೂ ಪ್ರಕ್ಷೇಪವೂ ಬರುವುದಿಲ್ಲ. ಮೂಲ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಮೆಲ್ಲಗೆ ಬಿಸಿ ಮಾಡಿ, ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಪ್ರನಾಳದ ಬಾಯಿಗೆ ತಾಗದ ಹಾಗೆ ಅದರ ಮೇಲೆ ಹಿಡಿಯಿರಿ, ನೀಲಿಯಾದರೆ ಅಮೋನಿಯಂ ಇದೆ. ಅಮೋನಿಯಾ ಬಾಟಲಿ ತೆರೆಯುವುದಕ್ಕೆ ಮುಂಚೆ ಇದನ್ನು ಮುಗಿಸಿಕೊಳ್ಳಿ. ನಮಸ್ಕಾರ.