ಅಣುಗಳ ಎಳೆದಾಟ, ತಳ್ಳಾಟ

ನಮಸ್ಕಾರ ಕೇಳುಗರೇ.

ಒಂದೇ ಗಾತ್ರದ ಎರಡು ಸಿಲಿಂಡರ್ ಇವೆ ಅಂದುಕೊಳ್ಳಿ. ಒಂದರಲ್ಲಿ ಕಾರ್ಬನ್ ಡೈಆಕ್ಸೈಡ್, ಇನ್ನೊಂದರಲ್ಲಿ ಹೀಲಿಯಂ. ಎರಡೂ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿವೆ, ಎರಡರಲ್ಲೂ ಅಷ್ಟೇ ಮೋಲ್ ಅನಿಲ ಇದೆ. ಕಾಲೇಜಿನಲ್ಲಿ ಕಲಿತ ಆದರ್ಶ ಅನಿಲದ ಸೂತ್ರ ಹಾಕಿದರೆ ಎರಡರ ಒತ್ತಡವೂ 10 ಬಾರ್ ಬರಬೇಕು. ಅಳೆದು ನೋಡಿದರೆ ಹೀಲಿಯಂನದು 10.05. ಕಾರ್ಬನ್ ಡೈಆಕ್ಸೈಡಿನದು ಸುಮಾರು 9.3 ಮಾತ್ರ!

ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದೇ ಎರಡನೇ ವಿರಿಯಲ್ ಗುಣಾಂಕ. ಅದನ್ನು ‘ಬಿ’ ಅನ್ನೋಣ. ಈ ಸಿಲಿಂಡರಿನಲ್ಲಿ ಒಂದು ಮೋಲ್ ಅನಿಲಕ್ಕೆ ಸಿಗುವ ಜಾಗ ಸುಮಾರು 2270 ಘನ ಸೆಂಟಿಮೀಟರ್. ಕಾರ್ಬನ್ ಡೈಆಕ್ಸೈಡಿನ ‘ಬಿ’ ಮೈನಸ್ 150. ಅದನ್ನು 2270ರಿಂದ ಭಾಗಿಸಿ. ನೂರಕ್ಕೆ ಆರೂವರೆಯಷ್ಟು ಕಡಿತ ಸಿಗುತ್ತದೆ. ಹೀಲಿಯಂನ ‘ಬಿ’ ಪ್ಲಸ್ 12. ಅದಕ್ಕೇ ಅಲ್ಲಿ ಒತ್ತಡ ಚೂರು ಜಾಸ್ತಿ.

‘ಬಿ’ ಹೇಳುವುದು ಎರಡೆರಡು ಅಣುಗಳ ನಡುವಿನ ವ್ಯವಹಾರ. ಸ್ವಲ್ಪ ದೂರದಲ್ಲಿದ್ದಾಗ ಅಣುಗಳು ಒಂದನ್ನೊಂದು ಎಳೆಯುತ್ತವೆ. ತೀರಾ ಹತ್ತಿರ ಬಂದರೆ ಜೋರಾಗಿ ತಳ್ಳುತ್ತವೆ. ತಣ್ಣಗಿದ್ದಾಗ ನಿಧಾನಕ್ಕೆ ಓಡುವ ಅಣುಗಳು ಎಳೆತಕ್ಕೆ ಸಿಕ್ಕಿ ಒಂದರ ಪಕ್ಕ ಒಂದು ಸ್ವಲ್ಪ ತಡೆಯುತ್ತವೆ. ಗೋಡೆಗೆ ಬೀಳುವ ಹೊಡೆತ ಕಡಿಮೆಯಾಗುತ್ತದೆ, ‘ಬಿ’ ಮೈನಸ್ ಆಗುತ್ತದೆ. ಕಾಯಿಸಿದರೆ ಎಳೆತವನ್ನು ಲೆಕ್ಕಿಸದೆ ನುಗ್ಗುತ್ತವೆ. ಆಗ ಅಣುಗಳು ತಾವೇ ಜಾಗ ಹಿಡಿದಿರುವುದು ಎದ್ದು ಕಾಣುತ್ತದೆ, ‘ಬಿ’ ಪ್ಲಸ್ ಆಗುತ್ತದೆ.

ನೈಟ್ರೋಜನ್ನನ್ನೇ ನೋಡಿ. ಸೊನ್ನೆ ಡಿಗ್ರಿಯಲ್ಲಿ ಅದರ ‘ಬಿ’ ಮೈನಸ್ ಹತ್ತೂವರೆ. ಕಾಯಿಸುತ್ತಾ ಹೋದರೆ ಸುಮಾರು 54 ಡಿಗ್ರಿಯಲ್ಲಿ ಸರಿಯಾಗಿ ಸೊನ್ನೆಯಾಗುತ್ತದೆ. ಇದೇ ನೈಟ್ರೋಜನ್ನಿನ ಬಾಯ್ಲ್ ಉಷ್ಣಾಂಶ. ಕಾರ್ಬನ್ ಡೈಆಕ್ಸೈಡಿಗೆ ಇದು 440 ಡಿಗ್ರಿ ದಾಟುತ್ತದೆ. ಹೀಲಿಯಂಗೆ ಮೈನಸ್ 250! ಎಳೆತ ಜೋರಾಗಿದ್ದಷ್ಟೂ ಅದನ್ನು ಸರಿದೂಗಿಸಲು ಹೆಚ್ಚು ಕಾಯಿಸಬೇಕು, ಅಲ್ವಾ?

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಬಾಯ್ಲ್ ಉಷ್ಣಾಂಶದಲ್ಲಿ ಅಣುಗಳು ಸುಮ್ನೆ ಆಗಿಬಿಡುತ್ತವೆ ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಎಳೆದಾಟವೂ ಇದೆ, ತಳ್ಳಾಟವೂ ಇದೆ, ಸರಾಸರಿಯಲ್ಲಿ ವಜಾ ಆಗಿದೆ ಅಷ್ಟೇ. ಅದೂ ಜೋಡಿ ಅಣುಗಳ ಲೆಕ್ಕದಲ್ಲಿ ಮಾತ್ರ. ಒತ್ತಡ ತುಂಬಾ ಏರಿಸಿದರೆ ಮೂರು ಮೂರು ಅಣುಗಳು ಒಟ್ಟಿಗೆ ಸೇರುವ ಲೆಕ್ಕವೂ ಬೇಕು. ಆಗ 54 ಡಿಗ್ರಿಯಲ್ಲೂ ನೈಟ್ರೋಜನ್ ಸೂತ್ರಕ್ಕೆ ಬಗ್ಗುವುದಿಲ್ಲ.

ನನಗೆ ಹೀಲಿಯಂನ ಇನ್ನೊಂದು ಚಾಳಿ ಇಷ್ಟ. ಸೊನ್ನೆ ಡಿಗ್ರಿಯಲ್ಲಿ 12 ಇದ್ದ ಅದರ ‘ಬಿ’, 327 ಡಿಗ್ರಿಗೆ ಕಾಯಿಸಿದರೆ ಏರುವ ಬದಲು 10.4ಕ್ಕೆ ಇಳಿಯುತ್ತದೆ. ಪರಮಾಣುಗಳು ಗೋಲಿಯಂತೆ ಗಟ್ಟಿಯಾಗಿದ್ದರೆ ಹೀಗಾಗುತ್ತಿರಲಿಲ್ಲ. ಅವುಗಳ ಮೈ ಕೊಂಚ ಮೆತ್ತಗಿದೆ. ರಭಸದಿಂದ ಢಿಕ್ಕಿ ಹೊಡೆದಾಗ ಇನ್ನಷ್ಟು ಹತ್ತಿರಕ್ಕೆ ಒತ್ತರಿಸಿಕೊಂಡು ಬರುತ್ತವೆ, ಹಿಡಿಯುವ ಜಾಗ ಅಷ್ಟು ಕಡಿಮೆಯಾಗುತ್ತದೆ.

ನಮಸ್ಕಾರ.