ಥ್ಯಾಂಕ್ಯೂ ಮೇಲ್ ಬರೆಯುವ ಮೊದಲು ಟಿಕೆಟ್ ಪಟ್ಟಿ ತೆರೆಯಿರಿ

ನಮಸ್ಕಾರ. ಇವತ್ತು ಒಂದು ಮೇಲ್ ಬಗ್ಗೆ ಸ್ವಲ್ಪ ತಕರಾರು ತೆಗೆಯೋಣ ಅಂತಿದ್ದೇನೆ. ಪ್ರಾಡಕ್ಟ್ ಲಾಂಚ್ ಆದ ಮಾರನೇ ದಿನ ಮ್ಯಾನೇಜರ್ ಕಡೆಯಿಂದ ಬರುತ್ತದಲ್ಲ, ಆ ಥ್ಯಾಂಕ್ಯೂ ಮೇಲ್. "ಎಲ್ಲರಿಗೂ ಅಭಿನಂದನೆ. ಇದು ಇಡೀ ಟೀಮ್‌ನ ಶ್ರಮದ ಫಲ. ಹಗಲು ರಾತ್ರಿ ದುಡಿದ ಪ್ರತಿಯೊಬ್ಬರಿಗೂ ಧನ್ಯವಾದ." ನಾವು ಇದನ್ನು ಹೇಗೆ ಓದುತ್ತೇವೆ ಹೇಳಿ? ಮೊದಲ ಸಾಲು ನೋಡುತ್ತೇವೆ. ನಮ್ಮ ಹೆಸರು ಎಲ್ಲಾದರೂ ಇದೆಯಾ ಅಂತ ಕೆಳಗಿನವರೆಗೆ ಕಣ್ಣಾಡಿಸುತ್ತೇವೆ. ಮುಚ್ಚುತ್ತೇವೆ. ಕಳಿಸಿದವರ ಮನಸ್ಸು ಒಳ್ಳೆಯದೇ, ಅನುಮಾನ ಇಲ್ಲ. ಮೇಲ್‌ನಲ್ಲಿ ಮಾತ್ರ ಏನೂ ಇಲ್ಲ.

ಹಾಗಾದರೆ ಹೆಸರು ಹಾಕಿ ಬರೆದರೆ ಸರಿ ಹೋಯಿತಾ? ಪೂರ್ತಿ ಇಲ್ಲ. ನನ್ನ ನಿಜವಾದ ತಕರಾರು ಇರುವುದೇ ಇಲ್ಲಿ. ಹೆಸರು ಹಾಕುವವರು ಸಾಮಾನ್ಯವಾಗಿ ನೆನಪಿನಿಂದ ಬರೆಯುತ್ತಾರೆ. ನೆನಪಿನಲ್ಲಿ ಉಳಿದಿರುವುದು ಕೊನೆಯ ವಾರ ಮಾತ್ರ. ಲಾಂಚ್ ರಾತ್ರಿ ಸರ್ವರ್ ಬಿದ್ದಾಗ ಎದ್ದು ಕೂತು ಸರಿ ಮಾಡಿದವರ ಹೆಸರು ಎಲ್ಲಕ್ಕಿಂತ ಮೇಲೆ ಬರುತ್ತದೆ. ಅದು ಬೀಳದ ಹಾಗೆ ತಿಂಗಳುಗಳ ಹಿಂದೆಯೇ ನೋಡಿಕೊಂಡವರ ಹೆಸರು ಬರುವುದೇ ಇಲ್ಲ. ಅವರು ಕೆಲಸ ಸರಿಯಾಗಿ ಮಾಡಿದ್ದಕ್ಕೆ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಆದ್ದರಿಂದ ನನ್ನ ವಾದ ಇಷ್ಟೇ. ಥ್ಯಾಂಕ್ಯೂ ಮೇಲ್‌ಗೆ ಭಾಷೆ ಮುಖ್ಯ ಅಲ್ಲ, ಹುಡುಕಾಟ ಮುಖ್ಯ. ಒಂದು ಗಂಟೆ ಹುಡುಕಿ, ಹತ್ತು ನಿಮಿಷ ಬರೆಯಿರಿ. ಬಹಳಷ್ಟು ಜನ ಇದನ್ನು ತಿರುಗಿಸಿ ಮಾಡುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಆ್ಯಪ್ ಇದೆ. ಅದರಲ್ಲಿ ಹೊಸದಾಗಿ ಒಂದೇ ಬಟನ್ ಒತ್ತಿ ಹಣ ಕಟ್ಟುವ ಫೀಚರ್ ಬಂದಿದೆ. ಟೀಮ್‌ನಲ್ಲಿ ಹತ್ತು ಹನ್ನೆರಡು ಜನ. ಮೊದಲು 1% ಬಳಕೆದಾರರಿಗೆ ಬಿಟ್ಟರು. ಆಮೇಲೆ 10%, ಆಮೇಲೆ 50%, ಕೊನೆಗೆ ಎಲ್ಲರಿಗೂ. ದೊಡ್ಡ ಗಲಾಟೆ ಏನೂ ಆಗಲಿಲ್ಲ. ಮ್ಯಾನೇಜರ್ ಈಗ ಮೇಲ್ ಬರೆಯಲು ಕೂತಿದ್ದಾರೆ. ಇಂಥ ಗಲಾಟೆ ಇಲ್ಲದ ಲಾಂಚ್‌ಗೇ ಮೇಲ್ ಬರೆಯುವುದು ಕಷ್ಟ, ಗೊತ್ತಾ? ಹೇಳಲು ಕಥೆಯೇ ಇರುವುದಿಲ್ಲ.

ಕಥೆ ಇರುವುದು ಟಿಕೆಟ್ ಪಟ್ಟಿಯಲ್ಲಿ, ಅಂದರೆ ಟೀಮ್‌ನ ಒಂದೊಂದು ಕೆಲಸವನ್ನೂ ಬಗ್ಗನ್ನೂ ಬರೆದಿಡುವ ಪಟ್ಟಿಯಲ್ಲಿ. ಮೊದಲ ದಿನದಿಂದ ಮುಚ್ಚಿದ ಟಿಕೆಟ್‌ಗಳನ್ನೆಲ್ಲ ತೆರೆದು ಒಂದು ಸಲ ಕೆಳಗಿನವರೆಗೆ ಓದಿ. ಶೀರ್ಷಿಕೆ ಸಾಲದು, ಕೆಳಗಿನ ಕಾಮೆಂಟುಗಳನ್ನೂ ನೋಡಿ. ಕಾಮೆಂಟು ಜಾಸ್ತಿ ಇರುವ ಟಿಕೆಟ್ ಅಂದರೆ ಅಲ್ಲಿ ಯಾರೋ ಪಟ್ಟು ಹಿಡಿದಿದ್ದಾರೆ ಅಂತ ಅರ್ಥ. ಕೋಡ್ ರಿವ್ಯೂಗಳಲ್ಲೂ ಹಾಗೆಯೇ. ಕೋಡ್ ಬರೆದವರ ಹೆಸರು ಎಲ್ಲರಿಗೂ ಕಾಣಿಸುತ್ತದೆ. "ಇದು ಹೀಗೆ ಹೋದರೆ ಒಡೆಯುತ್ತದೆ" ಅಂತ ಮಧ್ಯದಲ್ಲಿ ತಡೆದವರ ಹೆಸರು ಒಳಗೆ ಹೋಗಿ ನೋಡಿದರೆ ಮಾತ್ರ ಸಿಗುತ್ತದೆ.

ನಮ್ಮ ಉದಾಹರಣೆಯಲ್ಲಿ ಏನು ಸಿಗುತ್ತದೆ ನೋಡೋಣ. ಎರಡು ತಿಂಗಳ ಹಿಂದಿನ ಒಂದು ಟಿಕೆಟ್. ಟೆಸ್ಟರ್ ಬರೆದದ್ದು. ಬಟನ್ ಒತ್ತಿದ ಕ್ಷಣದಲ್ಲೇ ನೆಟ್‌ವರ್ಕ್ ಹೋದರೆ ಏನಾಗುತ್ತದೆ ಅಂತ ಅವರು ನೋಡಿದ್ದಾರೆ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ತೆಗೆದು, ಮತ್ತೆ ಒತ್ತಿದ್ದಾರೆ. ಮೊದಲ ಕೋರಿಕೆ ಸರ್ವರ್ ತಲುಪಿತ್ತು, ಉತ್ತರ ಮಾತ್ರ ಫೋನಿಗೆ ಬಂದಿರಲಿಲ್ಲ. ಹಾಗಾಗಿ ಎರಡು ಸಲ ಹಣ ಕಡಿತ ಆಯಿತು. ಕೆಳಗೆ ಒಬ್ಬರು, "ಇದು ಅಪರೂಪ, ಲಾಂಚ್ ಆದ ಮೇಲೆ ನೋಡೋಣ" ಅಂತ ಬರೆದಿದ್ದಾರೆ. ಟೆಸ್ಟರ್ ಬಿಟ್ಟಿಲ್ಲ. ಟಿಕೆಟ್ ಮುಚ್ಚಿದರೆ ಮತ್ತೆ ತೆರೆದಿದ್ದಾರೆ, ವಿಡಿಯೋ ಹಾಕಿದ್ದಾರೆ. ಕೊನೆಗೆ ಬ್ಯಾಕೆಂಡ್‌ನವರು ಐಡೆಂಪೊಟೆನ್ಸಿ ಕೀ ಸೇರಿಸಿದರು. ಅಂದರೆ ಪ್ರತಿ ಪಾವತಿಗೂ ಆ್ಯಪ್ ಒಂದು ಗುರುತು ಸಂಖ್ಯೆ ಅಂಟಿಸಿ ಕಳಿಸುತ್ತದೆ. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಮತ್ತೆ ಹಣ ಕಡಿಯುವುದಿಲ್ಲ, ಹಿಂದಿನ ಉತ್ತರವನ್ನೇ ವಾಪಸ್ ಕೊಡುತ್ತದೆ.

ಈಗ ಮೇಲ್‌ನಲ್ಲಿ ಇದಕ್ಕೆ ಯಾವ ಸಾಲು ಬರೆಯಬೇಕು? "ಅತ್ಯುತ್ತಮ ಟೆಸ್ಟಿಂಗ್‌ಗೆ ಧನ್ಯವಾದ" ಅಂತ ಬರೆದರೆ ಕೆಲಸ ಕೆಟ್ಟಿತು. ನಾನಾದರೆ ಹೀಗೆ ಬರೆಯುತ್ತೇನೆ: "ಪಾವತಿಯ ಮಧ್ಯದಲ್ಲಿ ನೆಟ್‌ವರ್ಕ್ ಹೋದರೆ ಹಣ ಎರಡು ಸಲ ಕಡಿತ ಆಗುವುದನ್ನು ನೀವು ಕಂಡು ಹಿಡಿದಿರಿ. ಅದು ಲಾಂಚ್‌ಗೆ ಮೊದಲೇ ಸರಿ ಆಗಬೇಕು ಅಂತ ಕೊನೆವರೆಗೂ ಬಿಡಲಿಲ್ಲ. ಲಾಂಚ್ ಆದ ಮೇಲೆ ಇಂಥ ಒಂದು ದೂರೂ ಬಂದಿಲ್ಲ." ಮೂರೇ ಸಾಲು. ಮಾಡಿದ್ದೇನು, ಅದರಲ್ಲಿ ಅವರ ನಿರ್ಧಾರ ಯಾವುದು, ಅದರಿಂದ ಏನು ತಪ್ಪಿತು, ಮೂರೂ ಇವೆ. ಒಂದು ಸಣ್ಣ ಪರೀಕ್ಷೆ ಮಾಡಿ. ಆ ಸಾಲಿನಲ್ಲಿರುವ ಹೆಸರು ತೆಗೆದು ಪಕ್ಕದವರ ಹೆಸರು ಹಾಕಿ. ಆಗಲೂ ಸಾಲು ನಿಜ ಅನ್ನಿಸಿದರೆ ಅದು ಯಾರ ಬಗ್ಗೆಯೂ ಅಲ್ಲ, ಸುಮ್ನೆ ಬರೆದದ್ದು.

ಇದೇ ವಿಷಯದಲ್ಲಿ ಒಂದು ಬಲೆಯೂ ಇದೆ. "ಮುಂದೂಡೋಣ" ಅಂದಿದ್ದರಲ್ಲ, ಅವರು ಕೂಡ ಈ ಮೇಲ್ ಓದುತ್ತಾರೆ. "ಕೆಲವರು ಬೇಡ ಅಂದರೂ" ಅಂತ ಒಂದು ಮಾತು ಸೇರಿಸಿದರೆ ಸಾಕು, ಒಬ್ಬರಿಗೆ ಹೊಗಳಿಕೆ, ಇನ್ನೊಬ್ಬರಿಗೆ ಏಟು. ಬಗ್ ಸರಿ ಮಾಡಿದವರನ್ನು ಹೊಗಳುವಾಗಲೂ ಹಾಗೆಯೇ. ಓದುವವರ ಮುಂದಿನ ಪ್ರಶ್ನೆ, "ಹಾಗಾದರೆ ಆ ಬಗ್ ಬರೆದವರು ಯಾರು?" ಅದಕ್ಕೇ ಮೇಲಿನ ಸಾಲಿನಲ್ಲಿ ಟೆಸ್ಟರ್ ಮತ್ತು ನೆಟ್‌ವರ್ಕ್ ಬಿಟ್ಟರೆ ಬೇರೆ ಪಾತ್ರವೇ ಇಲ್ಲ. ಭದ್ರತೆಗೆ ಸಂಬಂಧಿಸಿದ ತೂತು ಮುಚ್ಚಿದ್ದಾದರೆ ವಿವರವನ್ನು ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ಹಾಕಲೇಬೇಡಿ. ಅವರಿಗೂ ಅವರ ಮೇಲಿನವರಿಗೂ ಬೇರೆಯಾಗಿ ಬರೆಯಿರಿ.

ಇನ್ನೊಂದು ಟಿಕೆಟ್ ಸಿಗುತ್ತದೆ. ಡೇಟಾಬೇಸ್ ನೋಡಿಕೊಳ್ಳುವವರದ್ದು. ಹೊಸ ಫೀಚರ್‌ಗೆ ಪಾವತಿ ಟೇಬಲ್ ಮೇಲೆ ಒಂದು ಇಂಡೆಕ್ಸ್ ಬೇಕಿತ್ತು, ಅಂದರೆ ದಾಖಲೆಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಮಾಮೂಲಿ ರೀತಿಯಲ್ಲಿ ಇಂಡೆಕ್ಸ್ ಕಟ್ಟಿದರೆ ಅದು ಮುಗಿಯುವವರೆಗೆ ಆ ಟೇಬಲ್‌ಗೆ ಹೊಸದಾಗಿ ಏನೂ ಬರೆಯಲು ಆಗುವುದಿಲ್ಲ. ಟೇಬಲ್ ದೊಡ್ಡದಾಗಿದ್ದರೆ ಅಷ್ಟೂ ಹೊತ್ತು ಪಾವತಿ ನಿಂತ ಹಾಗೆ. ಅವರು `CREATE INDEX CONCURRENTLY` ಬಳಸಿದರು. ಇದು ನಿಧಾನ, ಮಧ್ಯದಲ್ಲಿ ಕೈಕೊಟ್ಟರೆ ಅರ್ಧಂಬರ್ಧ ಇಂಡೆಕ್ಸ್ ತೆಗೆದು ಮತ್ತೆ ಶುರು ಮಾಡಬೇಕು. ಆದರೆ ಪಾವತಿ ನಿಲ್ಲುವುದಿಲ್ಲ. ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ. ಪಕ್ಕದ ಟೀಮ್‌ಗೂ ಗೊತ್ತಾಗಲಿಲ್ಲ. ಇದನ್ನು ಮೇಲ್‌ನಲ್ಲಿ ಹೇಳದಿದ್ದರೆ ಬೇರೆ ಎಲ್ಲೂ ಯಾರೂ ಹೇಳುವುದಿಲ್ಲ. ಕಮಾಂಡ್ ವಿವರ ಬೇಡ, ಮಾರ್ಕೆಟಿಂಗ್‌ನವರೂ ಓದುತ್ತಾರಲ್ಲ. "ದೊಡ್ಡ ಟೇಬಲ್ ಬದಲಾವಣೆಯನ್ನು ಒಂದೇ ಒಂದು ಪಾವತಿಯೂ ನಿಲ್ಲದ ಹಾಗೆ ಮುಗಿಸಿದಿರಿ" ಅಂದರೆ ಎಲ್ಲರಿಗೂ ಅರ್ಥ ಆಗುತ್ತದೆ.

ಆದರೆ ಕಳಿಸುವ ಮೊದಲು ಆ ಸಾಲನ್ನು ಅವರಿಗೇ ಒಮ್ಮೆ ತೋರಿಸಿ. "ಇದು ಸರಿ ಇದೆಯಾ?" ಅಂತ ಕೇಳಿ, ಸಾಕು. "ಐಡಿಯಾ ನನ್ನದಲ್ಲ, ರಿವ್ಯೂನಲ್ಲಿ ಇನ್ನೊಬ್ಬರು ಹೇಳಿದ್ದು" ಅನ್ನುವ ಉತ್ತರ ಬರಬಹುದು. ಇಂಥ ತಪ್ಪು ಮೇಲ್ ಹೋದ ಮೇಲೆ ಗೊತ್ತಾದರೆ ತಿದ್ದುವುದು ಬಹಳ ಮುಜುಗರ. ಕೆಲವರಿಗೆ ಎಲ್ಲರ ಮುಂದೆ ಹೆಸರು ಬರುವುದೇ ಇಷ್ಟ ಇರುವುದಿಲ್ಲ. ಕೇಳಿದರೆ ಅದೂ ತಿಳಿಯುತ್ತದೆ.

ಎಲ್ಲರ ಹೆಸರೂ ಬರಬೇಕಾ ಅಂತ ಕೇಳುತ್ತೀರಿ. ಹತ್ತು ಹನ್ನೆರಡು ಜನ ಇದ್ದರೆ ಹೌದು, ಎಲ್ಲರದ್ದೂ ಬರಲೇಬೇಕು. ಹನ್ನೆರಡರಲ್ಲಿ ಹನ್ನೊಂದು ಹೆಸರು ಬರೆಯುವುದಕ್ಕಿಂತ ಒಂದೂ ಬರೆಯದಿರುವುದೇ ವಾಸಿ. ಐವತ್ತು ಜನ ಇದ್ದರೆ ಒಂದೇ ಮೇಲ್ ಹಾಜರಿ ಪುಸ್ತಕ ಆಗಿಬಿಡುತ್ತದೆ. ಆಗ ದೊಡ್ಡ ಮೇಲ್‌ನಲ್ಲಿ ಕೆಲಸಗಳ ಬಗ್ಗೆ ಬರೆಯಿರಿ. ಹೆಸರು ಹಾಕಿದ ಮೇಲನ್ನು ಆಯಾ ಲೀಡ್‌ಗಳು ತಮ್ಮ ಸಣ್ಣ ಗುಂಪಿಗೆ ಬರೆಯಲಿ. ಎಲ್ಲರಿಗೂ ಒಂದೇ ಅಳತೆಯ ಸಾಲು ಬೇಕಿಲ್ಲ. ಒಬ್ಬರಿಗೆ ಮೂರು ಸಾಲು, ಇನ್ನೊಬ್ಬರಿಗೆ ಒಂದು, ಅದು ಪರವಾಗಿಲ್ಲ. ಆದರೆ ಒಂದು ಸಾಲು ಸಿಕ್ಕವರಿಗೆ ಅದು ಗಟ್ಟಿ ಸಾಲಾಗಿರಬೇಕು.

"ರಾತ್ರಿ ಎರಡು ಗಂಟೆವರೆಗೆ ಕೂತು ದುಡಿದರು" ಅನ್ನುವ ಹೊಗಳಿಕೆ ನನಗೆ ಸ್ವಲ್ಪವೂ ಇಷ್ಟ ಇಲ್ಲ. ನಿದ್ದೆಗೆಟ್ಟಿದ್ದು ಸಾಧನೆ ಅಲ್ಲ, ಪ್ಲಾನಿಂಗ್ ಎಲ್ಲೋ ತಪ್ಪಿದ್ದಕ್ಕೆ ಸಾಕ್ಷಿ. ಅದನ್ನು ಎಲ್ಲರ ಮುಂದೆ ಹೊಗಳಿದರೆ ಸಮಯಕ್ಕೆ ಕೆಲಸ ಮುಗಿಸಿ ಮನೆಗೆ ಹೋದವರು ಕಡಿಮೆ ಅಂತ ಹೇಳಿದ ಹಾಗಾಗುತ್ತದೆ. ಆ ರಾತ್ರಿ ಅವರು ತೆಗೆದುಕೊಂಡ ನಿರ್ಧಾರದ ಬಗ್ಗೆ ಬರೆಯಿರಿ. 50%ಗೆ ಬಿಟ್ಟ ಮೇಲೆ ಎರರ್ ಜಾಸ್ತಿ ಆದಾಗ ಯಾರನ್ನೂ ಕೇಳಲು ಕಾಯದೆ 10%ಗೆ ವಾಪಸ್ ಇಳಿಸಿದರು ಅಂದುಕೊಳ್ಳಿ. ಅದನ್ನು ಬರೆಯಿರಿ. ಹಿಂದೆ ಸರಿಯುವುದು ಕೂಡ ಮೆಚ್ಚುವ ಕೆಲಸ ಅಂತ ಎಲ್ಲರಿಗೂ ತಿಳಿಯಲಿ.

ಇಷ್ಟೆಲ್ಲ ಯಾಕೆ ಅಂದರೆ ಈ ಮೇಲ್ ಆ ದಿನಕ್ಕೇ ಮುಗಿಯುವುದಿಲ್ಲ. ಅಪ್ರೈಸಲ್ ಸಮಯದಲ್ಲಿ ಜನ ಇದನ್ನೇ ಹುಡುಕಿ ತೆಗೆಯುತ್ತಾರೆ. ಟೆಸ್ಟರ್ ತಮ್ಮ ಸೆಲ್ಫ್ ರಿವ್ಯೂನಲ್ಲಿ ಆ ಮೂರು ಸಾಲನ್ನು ಹಾಗೇ ಅಂಟಿಸಬಹುದು. "ಅದ್ಭುತ ಟೀಮ್‌ವರ್ಕ್" ಅನ್ನುವುದನ್ನು ಅಂಟಿಸಿ ಏನು ಉಪಯೋಗ? ಮೇಲಿನವರನ್ನು ಸಿಸಿಯಲ್ಲಿ ಹಾಕಬೇಕು ಅನ್ನುವುದೂ ಇದೇ ಕಾರಣಕ್ಕೆ.

ಯಾವಾಗ ಕಳಿಸಬೇಕು? ಲಾಂಚ್ ರಾತ್ರಿ ಬೇಡ. ಎಲ್ಲರಿಗೂ ಬಿಟ್ಟ ಮೇಲೆ ಒಂದೆರಡು ದಿನ ನೋಡಿ, ರೋಲ್‌ಬ್ಯಾಕ್ ಮಾಡುವ ಪ್ರಮೇಯ ಇಲ್ಲ ಅಂತ ಖಾತ್ರಿ ಆದ ಮೇಲೆ ಕಳಿಸಿ. "ಯಶಸ್ವಿ ಲಾಂಚ್" ಅಂತ ಮೇಲ್ ಹಾಕಿ ಮಧ್ಯಾಹ್ನವೇ ಫೀಚರ್ ಮುಚ್ಚಿದರೆ ನಗೆಪಾಟಲು. ಎರಡು ವಾರ ಬಿಟ್ಟರೂ ಕಷ್ಟ, ಅಷ್ಟರಲ್ಲಿ ಎಲ್ಲರೂ ಬೇರೆ ಕೆಲಸಕ್ಕೆ ಹೋಗಿರುತ್ತಾರೆ.

ಇನ್ನು ಯಾರಿಗೆ ಹೋಗುತ್ತದೆ ಅನ್ನುವುದು. ಟೀಮ್‌ನ ಮೇಲಿಂಗ್ ಲಿಸ್ಟ್ ಒಂದನ್ನೇ ಹಾಕಿದರೆ ಯಾರೋ ತಪ್ಪಿಹೋಗುತ್ತಾರೆ. ಶುರುವಿನಲ್ಲಿ ಡಿಸೈನ್ ಮಾಡಿ ಬೇರೆ ಟೀಮ್‌ಗೆ ಹೋದವರು ಆ ಲಿಸ್ಟ್‌ನಲ್ಲಿ ಇರುವುದಿಲ್ಲ. ಕಾಂಟ್ರಾಕ್ಟ್ ಮೇಲೆ ಬಂದವರು ಇರುವುದಿಲ್ಲ. ಗ್ರಾಹಕರ ಪ್ರಶ್ನೆಗಳಿಗೆ ಮುಂಚೆಯೇ ಉತ್ತರ ತಯಾರು ಮಾಡಿಟ್ಟ ಸಪೋರ್ಟ್‌ನವರು, ಷರತ್ತುಗಳನ್ನು ಓದಿ ಒಪ್ಪಿಗೆ ಕೊಟ್ಟ ಲೀಗಲ್‌ನವರು ಇರುವುದಿಲ್ಲ. ಮೇಲ್‌ನಲ್ಲಿ ಅವರ ಹೆಸರು ಇರುತ್ತದೆ, ಮೇಲ್ ಮಾತ್ರ ಅವರಿಗೆ ಹೋಗಿರುವುದಿಲ್ಲ! ಈ ವಿಳಾಸಗಳನ್ನು ಒಂದೊಂದಾಗಿ ಕೈಯಾರೆ ಸೇರಿಸಬೇಕು.

ಮತ್ತೆ ಕೊನೆಯ ಪ್ಯಾರಾ. ಅಲ್ಲಿ ಬೆರಳು ತುರಿಸುತ್ತದೆ, "ಈಗ ಎರಡನೇ ಹಂತದ ಕಡೆ ಗಮನ ಕೊಡೋಣ, ಗಡುವು ಹತ್ತಿರ ಇದೆ" ಅಂತ ಬರೆಯಲು. ಅದೊಂದು ಸಾಲು ಸೇರಿದರೆ ಮೇಲಿನದ್ದೆಲ್ಲ ಅದಕ್ಕೆ ಪೀಠಿಕೆ ಆಗಿಬಿಡುತ್ತದೆ. ಎರಡನೇ ಹಂತದ ಮೇಲ್ ಸೋಮವಾರ ಬೇರೆಯಾಗಿ ಹೋಗಲಿ, ಅಲ್ವಾ?