ಸೊಪ್ಪು ಸಂಜೆಗೇ ಮುಗಿದರೆ ಅದು ನಷ್ಟವಲ್ಲ

ನಮಸ್ಕಾರ. ಸಣ್ಣ ತರಕಾರಿ ಅಂಗಡಿಯಲ್ಲಿ ಮಾಲು ಕೊಳೆತಾಗ ನಾವು ಬಿಸಿಲನ್ನೋ, ಕಾಯಿಗಳನ್ನು ಅದುಮಿ ನೋಡುವ ಗಿರಾಕಿಗಳನ್ನೋ ದೂರುತ್ತೇವೆ. ಆದರೆ ಅದರಲ್ಲಿ ಬಹುಪಾಲು, ಎಷ್ಟು ತರಬೇಕೆಂದು ಹಿಂದಿನ ದಿನ ನಿರ್ಧರಿಸುವಾಗಲೇ ಕೊಳೆಯುವುದು ನಿಶ್ಚಯವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಗಿರಾಕಿ ಬರಿಗೈಯಲ್ಲಿ ಹೋಗಬಾರದೆಂಬ ಭಯದಿಂದ ನಾವು ಎಲ್ಲ ಮಾಲನ್ನೂ ಸ್ವಲ್ಪ ಹೆಚ್ಚಿಗೆ ತರುತ್ತೇವೆ. ಈರುಳ್ಳಿಯ ವಿಷಯದಲ್ಲಿ ಆ ಭಯದಿಂದ ಹೆಚ್ಚು ಹಾನಿಯಿಲ್ಲ, ಸೊಪ್ಪಿನ ವಿಷಯದಲ್ಲಿ ಮಾತ್ರ ಅದು ಲಾಭವನ್ನೇ ತಿಂದುಹಾಕುತ್ತದೆ.

ಪಾಲಕ್ ಸೊಪ್ಪನ್ನೇ ತೆಗೆದುಕೊಳ್ಳೋಣ. ಒಂದು ಕಟ್ಟನ್ನು 10ಕ್ಕೆ ಕೊಂಡು 16ಕ್ಕೆ ಮಾರುತ್ತೀರಿ ಎಂದುಕೊಳ್ಳಿ. ಯಾವ ದೇಶದ ನಾಣ್ಯವಾದರೂ ಲೆಕ್ಕ ಬದಲಾಗುವುದಿಲ್ಲ. ಒಂದು ಕಟ್ಟು ಕಡಿಮೆ ಬಿದ್ದರೆ ಕಳೆದುಕೊಳ್ಳುವುದು 6, ಒಂದು ಕಟ್ಟು ಉಳಿದು ಬಾಡಿದರೆ ಕಳೆದುಕೊಳ್ಳುವುದು 10. ಕಡಿಮೆ ಬಿದ್ದಾಗಿನ ನಷ್ಟವನ್ನು ಎರಡೂ ನಷ್ಟಗಳ ಮೊತ್ತದಿಂದ, ಅಂದರೆ 6ನ್ನು 16ರಿಂದ ಭಾಗಿಸಿದರೆ 0.375 ಬರುತ್ತದೆ. ನೂರರಲ್ಲಿ 37 ಅಥವಾ 38 ದಿನ ಮಾತ್ರ ಎಲ್ಲ ಗಿರಾಕಿಗಳಿಗೂ ಸಾಕಾಗುವಷ್ಟು ಸೊಪ್ಪು ತರುವುದೇ ಲಾಭಕರ, ಉಳಿದ ದಿನಗಳಲ್ಲಿ ಅದು ಮುಗಿದುಹೋಗಲೇಬೇಕು ಎಂಬುದು ಇದರ ಅರ್ಥ. ಮೊದಲ ಸಲ ಕೇಳಿದವರಿಗೆ ಇದು ವ್ಯಾಪಾರ ಗೊತ್ತಿಲ್ಲದವರ ಮಾತಿನಂತೆ ತೋರುತ್ತದೆ. ಆದ್ದರಿಂದ ಒಂದು ಉದಾಹರಣೆಯಲ್ಲಿ ಪರೀಕ್ಷಿಸೋಣ.

ಕಳೆದ 8 ಮಂಗಳವಾರಗಳಲ್ಲಿ ಗಿರಾಕಿಗಳು ಕೇಳಿದ ಕಟ್ಟುಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ 31, 34, 36, 38, 40, 43, 46, 52 ಎಂದು ಬಂದಿದೆ ಎನ್ನೋಣ. ಭಯಪಡುವ ವ್ಯಾಪಾರಿ ಪ್ರತಿ ಸಲವೂ 50 ತಂದಿದ್ದರೆ 82 ಕಟ್ಟು ಎಸೆದು, 8 ವಾರಗಳಲ್ಲಿ 1088 ಲಾಭ ಗಳಿಸುತ್ತಿದ್ದರು. 38 ತಂದವರು 13 ಕಟ್ಟು ಎಸೆದು 1616 ಗಳಿಸುತ್ತಿದ್ದರು. 8ನ್ನು 0.375ರಿಂದ ಗುಣಿಸಿದರೆ 3 ಬರುವುದರಿಂದ, ನಮ್ಮ ಲೆಕ್ಕ ತೋರಿಸುವುದು ಪಟ್ಟಿಯ ಮೂರನೆಯ ಅಂಕಿಯಾದ 36ನ್ನು. ಅಷ್ಟು ತಂದರೂ ಲಾಭ 1616 ಆಗಿಯೇ ಇರುತ್ತದೆ, ಆದರೆ ಲಾಭ ಸಮವಾಗಿರುವಾಗ ಕಡಿಮೆ ಗಿರಾಕಿಗಳನ್ನು ವಾಪಸು ಕಳಿಸುವ 38ನ್ನೇ ನಾನು ಆರಿಸಿಕೊಳ್ಳುತ್ತೇನೆ. ಪಾಲಕ್ ಸಿಗದ ಕಾರಣಕ್ಕೆ ಗಿರಾಕಿ ಇಡೀ ಚೀಲದ ತರಕಾರಿಯನ್ನು ಪಕ್ಕದ ಅಂಗಡಿಯಲ್ಲಿ ಕೊಳ್ಳುವಂತಿದ್ದರೆ, ಕಡಿಮೆ ಬಿದ್ದಾಗಿನ ನಷ್ಟ 6ಕ್ಕೆ ನಿಲ್ಲುವುದಿಲ್ಲ. ಆಗ ಆ ಅಂಕಿಯನ್ನು ಏರಿಸಿ ಮತ್ತೆ ಭಾಗಿಸಬೇಕು.

ಈ ಲೆಕ್ಕದಲ್ಲಿ ಒಂದು ಗುಂಡಿಯಿದೆ, ಹೆಚ್ಚಿನವರು ಬೀಳುವುದು ಅಲ್ಲಿಯೇ. ಮಾರಾಟವಾದದ್ದು ಬೇರೆ, ಗಿರಾಕಿಗಳು ಕೇಳಿದ್ದು ಬೇರೆ. 36 ಕಟ್ಟು ತಂದು ಅಷ್ಟೂ ಮುಗಿದ ದಿನ ಪುಸ್ತಕದಲ್ಲಿ 36 ಎಂದಷ್ಟೇ ಬರೆದರೆ, ಆಮೇಲೆ ಬಂದು ಹೋದವರು ಲೆಕ್ಕಕ್ಕೇ ಸಿಗುವುದಿಲ್ಲ. ಮುಂದಿನ ವಾರ ಆ ತಪ್ಪು ಅಂಕಿಯನ್ನು ನಂಬಿ ಇನ್ನೂ ಕಡಿಮೆ ತರುತ್ತೀರಿ, ಅದು ಇನ್ನೂ ಬೇಗ ಮುಗಿಯುತ್ತದೆ, ಹೀಗೆ ವ್ಯಾಪಾರವೇ ಕುಗ್ಗುತ್ತಾ ಹೋಗುತ್ತದೆ. ಆದ್ದರಿಂದ ಕೊನೆಯ ಕಟ್ಟು ಹೋದ ಹೊತ್ತನ್ನೂ ಬರೆದಿಡಿ. ಸೊಪ್ಪು ಉಳಿದ ದಿನಗಳಲ್ಲಿ ಸಂಜೆ 5ರ ಹೊತ್ತಿಗೆ ದಿನದ ಮಾರಾಟದ ಮುಕ್ಕಾಲು ಭಾಗ ಆಗಿರುತ್ತದೆ ಎಂದು ತಿಳಿದಿದ್ದರೆ, 5ಕ್ಕೇ 36 ಮುಗಿದ ದಿನ ನಿಜವಾದ ಬೇಡಿಕೆ ಸುಮಾರು 48 ಎಂದು ಹಿಡಿಯಬಹುದು. ಪಟ್ಟಿಗೆ ಸೇರಬೇಕಾದದ್ದು ಆ 48.

ಸಂಜೆ ಬೆಲೆ ಇಳಿಸಿ ಮಾರುವುದರಿಂದಲೂ ಲೆಕ್ಕ ಬದಲಾಗುತ್ತದೆ. ಉಳಿದ ಕಟ್ಟಿಗೆ 4 ಸಿಗುವುದಾದರೆ ಉಳಿದಾಗಿನ ನಷ್ಟ 10ರಿಂದ 6ಕ್ಕೆ ಇಳಿದು, ಎರಡೂ ನಷ್ಟಗಳು ಸಮವಾಗುತ್ತವೆ. ಆಗ ಪಟ್ಟಿಯ ನಡುವಿನ ಅಂಕಿಯಾದ 38ರಿಂದ 40ರವರೆಗೆ ತರಬಹುದು. ಆದರೆ ದಿನವೂ ಒಂದೇ ಹೊತ್ತಿಗೆ ಬೆಲೆ ಇಳಿಸಿದರೆ ಪೂರ್ತಿ ಬೆಲೆ ಕೊಡುತ್ತಿದ್ದವರೂ ಆ ಹೊತ್ತಿಗೇ ಕಾಯುವುದನ್ನು ಕಲಿಯುತ್ತಾರೆ. ಹಾಗಾಗಿ ನಾನು ಇದನ್ನು ಖಾಯಂ ಉಪಾಯವೆಂದು ಒಪ್ಪುವುದಿಲ್ಲ.

ಟೊಮೇಟೊ, ಬೀನ್ಸ್‌ನಂತಹ, ಕೆಲವು ದಿನ ತಾಳುವ ಮಾಲಿಗೆ ಬೇರೆ ಕ್ರಮ ಬೇಕು. ಉಳಿದದ್ದು ನಾಳೆಯೂ ಮಾರಾಟವಾಗುವುದರಿಂದ ಅಲ್ಲಿ ಉಳಿಕೆಯ ನಷ್ಟ ಕಡಿಮೆ, ತುಸು ಧಾರಾಳವಾಗಿ ತಂದರೂ ನಡೆಯುತ್ತದೆ. ಆದರೆ ಆರ್ಡರ್ ಕೊಡುವ ಮುನ್ನ ಅಂಗಡಿಯಲ್ಲಿರುವುದನ್ನು ಎಣಿಸಿ ಕಳೆಯಲೇಬೇಕು. ಹಾಗೆ ಎಣಿಸುವಾಗ ನಾಳೆ ಸಂಜೆಯವರೆಗೂ ಪೂರ್ತಿ ಬೆಲೆಗೆ ಹೋಗುವ ಕಾಯಿಗಳನ್ನಷ್ಟೇ ಸೇರಿಸಿ, ಮೆತ್ತಗಾದವನ್ನು ಬೇರೆಯಿಡಿ. ಕ್ರೇಟಿನ ತಳದ ಹಣ್ಣುಗಳನ್ನು ನೋಡದೆ ಮೇಲಿನ ಪದರ ನೋಡಿ ಅರ್ಧ ಕ್ರೇಟಿದೆ ಎಂದು ಬರೆದುಕೊಂಡರೆ, ಮರುದಿನ ಮಾಲೂ ಸಾಲುವುದಿಲ್ಲ, ಕೊಳೆತದ್ದೂ ಕಡಿಮೆಯಾಗುವುದಿಲ್ಲ.

ಮಂಗಳವಾರದ ಪಟ್ಟಿಯನ್ನು ಮಂಗಳವಾರಕ್ಕೇ ಬಳಸಿ, ಭಾನುವಾರದ ಪಟ್ಟಿ ಬೇರೆಯಿರಲಿ. ಜೋರು ಮಳೆ ಅಥವಾ ಹಬ್ಬ ಬಂದ ದಿನದ ಅಂಕಿಯನ್ನು ಹೊಡೆದುಹಾಕದೆ, ಪಕ್ಕದಲ್ಲಿ ಕಾರಣ ಬರೆದು ಆ 8ರಿಂದ ಹೊರಗಿಡಿ. ಮುಂದೆ ಅಂಥದೇ ದಿನ ಬಂದಾಗ ಊಹೆಗೆ ಅದೊಂದೇ ಆಧಾರವಾಗಿರುತ್ತದೆ.